ಬಹುಲಕ ಮೈನಸ್ 33 ಸಾವಿರ ಬಂದಿದೆ, ಎಲ್ಲಿ ತಪ್ಪಾಯ್ತು?

ಹೇಮಾವತಿ ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಹಾಸನದಲ್ಲಿ ಬಿ.ಕಾಂ ಓದುತ್ತಿದ್ದೇನೆ. ಸೋಮವಾರ ಒಂದು ಅಸೈನ್‌ಮೆಂಟ್ ಕೊಡಬೇಕು. ಮೂಡಿಗೆರೆ ಕಡೆಯ ಒಂದು ಊರು ಅಂದುಕೊಂಡು 21 ಮನೆಗಳ ತಿಂಗಳ ಆದಾಯ ಕೊಟ್ಟಿದ್ದಾರೆ. ಎಲ್ಲ ಸಾವಿರ ರೂಪಾಯಿ ಲೆಕ್ಕದಲ್ಲಿ:

9, 10, 11, 12, 12, 12, 13, 14, 15, 16, 17, 18, 18, 18, 20, 22, 25, 30, 45, 95, 450

ಕೊನೆಯದು ಎಸ್ಟೇಟ್ ಮಾಲೀಕರ ಮನೆ. ಪ್ರಶ್ನೆ ಇಷ್ಟೇ: "ಈ ಊರಿನ ಸಾಮಾನ್ಯ ಮನೆಯ ಆದಾಯ ಹೇಳಲು ಸರಾಸರಿ, ಮಧ್ಯಾಂಕ, ಬಹುಲಕ ಇವುಗಳಲ್ಲಿ ಯಾವುದು ಸೂಕ್ತ? ಕಾರಣ ಕೊಡಿ."

ಸರಾಸರಿ 882 ಭಾಗಿಸು 21, ಅಂದರೆ 42 ಬಂತು. ಮಧ್ಯಾಂಕ 11ನೇ ಮನೆ, 17. ಬಹುಲಕಕ್ಕೆ ಬಂದಾಗ 12 ಮೂರು ಸಲ ಇದೆ, 18 ಕೂಡ ಮೂರು ಸಲ ಇದೆ. ಹೀಗೆ ಎರಡು ಬಂದರೆ ಈ ಸೂತ್ರ ಹಾಕಬೇಕು ಅಂತ ಗೈಡ್‌ನಲ್ಲಿ ಇತ್ತು:

```
ಬಹುಲಕ = 3 × ಮಧ್ಯಾಂಕ − 2 × ಸರಾಸರಿ
      = 3 × 17 − 2 × 42
      = 51 − 84 = −33
```

ಮೂರು ಸಲ ಮಾಡಿ ನೋಡಿದೆ, ಅದೇ ಬರುತ್ತಿದೆ. ಮೈನಸ್ ಅಂದರೆ ಸಾಲ ಅಂತ ಅರ್ಥ ಮಾಡಿಕೊಳ್ಳಬೇಕಾ? ಆದರೆ ಪಟ್ಟಿಯಲ್ಲಿ 9 ಸಾವಿರಕ್ಕಿಂತ ಕಡಿಮೆ ಇರುವ ಮನೆಯೇ ಇಲ್ಲ. ನನಗೆ ಏನೂ ತೋಚುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

---

ಆಲ್ದೂರು ಹುಡುಗ

ಇದು ಸುಲಭ ಇದೆ. ಆ 450 ತೆಗೆದುಹಾಕಿ. ಒಂದು ಮನೆ ಇಡೀ ಲೆಕ್ಕವನ್ನು ಹಾಳು ಮಾಡುತ್ತಿದೆ. ಅದನ್ನು ಬಿಟ್ಟರೆ ಉಳಿದ 20 ಮನೆಯ ಮೊತ್ತ 432, ಸರಾಸರಿ 21.6. ಆಗ ಸರಾಸರಿಯೇ ಸೂಕ್ತ ಅಂತ ಬರೆದುಬಿಡಬಹುದು. ನಮ್ಮ ಲೆಕ್ಚರರ್ ಕೂಡ ಅತಿ ದೊಡ್ಡ ಸಂಖ್ಯೆ ಬಂದರೆ ಬಿಟ್ಟು ಲೆಕ್ಕ ಮಾಡಿ ಅನ್ನುತ್ತಿದ್ದರು.

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ಹೇಮಾವತಿ, ನಿನ್ನ ಕೂಡು ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲಮ್ಮ. ಸೂತ್ರವನ್ನು ಹಾಕಬಾರದ ಕಡೆ ಹಾಕಿದ್ದೀಯ, ಅಷ್ಟೇ. ನಾನು ಬಹಳ ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಈ ತಪ್ಪನ್ನು ಉತ್ತರ ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಸೂತ್ರ ಕಾರ್ಲ್ ಪಿಯರ್ಸನ್ ಹೆಸರಿನಲ್ಲಿ ಬಂದಿರುವುದು. ಅದು ಎಲ್ಲ ಕಡೆ ನಡೆಯುವ ನಿಯಮ ಅಲ್ಲ. ಸ್ವಲ್ಪ ಮಾತ್ರ ಒಂದು ಕಡೆ ವಾಲಿದ, ಒಂದೇ ಗುಡ್ಡ ಇರುವ ವಕ್ರರೇಖೆಗಳನ್ನು ನೋಡಿದಾಗ ಕಂಡುಬಂದ ಅಂದಾಜು ಅದು. ಅಂಥ ಕಡೆ ಸರಾಸರಿಗೂ ಬಹುಲಕಕ್ಕೂ ಇರುವ ದೂರ, ಸರಾಸರಿಗೂ ಮಧ್ಯಾಂಕಕ್ಕೂ ಇರುವ ದೂರದ ಸುಮಾರು ಮೂರರಷ್ಟು ಇರುತ್ತದೆ. ಗೈಡ್‌ನ ಸೂತ್ರ ಇದನ್ನೇ ತಿರುಗಿಸಿ ಬರೆದದ್ದು.

ಈಗ ನಿನ್ನ ಪಟ್ಟಿ ನೋಡು. ಸರಾಸರಿ 42, ಮಧ್ಯಾಂಕ 17, ನಡುವೆ 25 ದೂರ. ಸೂತ್ರ ಏನು ಹೇಳುತ್ತದೆ? ಬಹುಲಕ 42ರಿಂದ 75 ಕೆಳಗೆ ಇರಬೇಕು ಅನ್ನುತ್ತದೆ. 42ರಿಂದ 75 ಕೆಳಗೆ ಹೋದರೆ ಸೊನ್ನೆ ದಾಟಿ ಪಾತಾಳಕ್ಕೆ ಇಳಿಯಲೇಬೇಕಲ್ವಾ? ಇದು ಸಾಲವೂ ಅಲ್ಲ, ಏನೂ ಅಲ್ಲ. ಒಂದು ಮನೆ ಸರಾಸರಿಯನ್ನು ಎಳೆದುಕೊಂಡು ಹೋದ ದೂರವನ್ನು ಸೂತ್ರ ಮೂರರಿಂದ ಗುಣಿಸಿ ಎದುರು ದಿಕ್ಕಿಗೆ ಎಸೆದಿದೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡು. ಮಾಲೀಕರ ಆದಾಯವನ್ನು 450ರ ಬದಲು 900 ಮಾಡು. ಕೂಲಿ ಮಾಡುವ ಒಂದು ಮನೆಗೂ ಒಂದು ರೂಪಾಯಿ ಹೆಚ್ಚುಕಡಿಮೆ ಆಗಿಲ್ಲ. ಮಧ್ಯಾಂಕ 17ರಲ್ಲೇ ಕೂತಿದೆ. ಸರಾಸರಿ ಮಾತ್ರ ಸುಮಾರು 63.4 ಆಗುತ್ತದೆ, ನಿನ್ನ ಸೂತ್ರದ ಬಹುಲಕ ಸುಮಾರು ಮೈನಸ್ 76ಕ್ಕೆ ಇಳಿಯುತ್ತದೆ. ಮಾಲೀಕರು ಶ್ರೀಮಂತರಾದಷ್ಟೂ ಊರಿನ "ಸಾಮಾನ್ಯ" ಮನೆ ಬಡವಾಗುತ್ತಾ ಹೋಗುತ್ತದೆ. ಇಂಥ ಅಳತೆಯಿಂದ ನಮಗೇನು ಉಪಯೋಗ?

ಆಲ್ದೂರಿನವರೇ, ನಿಮ್ಮ ಮಾತಿಗೆ ಬರುತ್ತೇನೆ. ಸಂಖ್ಯೆ ಬರೆಯುವಾಗ ಕೈತಪ್ಪಿ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ ತೆಗೆಯಬಹುದು. ಆದರೆ ಇದು ನಿಜವಾದ ಮನೆ. ಅಡುಗೆ ಒಲೆ ಉರಿಯುವ ಮನೆ. ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಊರಿನಿಂದ ಹೊರಗೆ ಹಾಕುವ ಹಾಗಿಲ್ಲ. ಇನ್ನೊಂದು ವಿಷಯ, ತೆಗೆದ ಮೇಲೂ ಕೆಲಸ ಮುಗಿಯಲಿಲ್ಲ. 21.6 ಅಂದಿರಿ. 20 ಮನೆಗಳಲ್ಲಿ 15 ಮನೆ ಅದಕ್ಕಿಂತ ಕೆಳಗೇ ಇವೆ, ಎಣಿಸಿ ನೋಡಿ. ಈಗ 95 ಎಳೆಯುತ್ತಿದೆ. ಅದನ್ನೂ ತೆಗೆದರೆ 17.7ಕ್ಕೆ ಬರುತ್ತೀರಿ. ಅಂದರೆ ಎರಡು ಮನೆ ಓಡಿಸಿದ ಮೇಲೆ ಸರಾಸರಿ ಬಂದು ನಿಲ್ಲುವುದು ಎಲ್ಲಿ? ಯಾರನ್ನೂ ಓಡಿಸದೆ ಮಧ್ಯಾಂಕ ಮೊದಲೇ ನಿಂತಿದ್ದ ಜಾಗದ ಪಕ್ಕದಲ್ಲಿ.

---

ಆಲ್ದೂರು ಹುಡುಗ

15 ಮನೆ ಕೆಳಗೆ ಇದೆ ಅನ್ನೋದು ನಾನು ಎಣಿಸಿರಲಿಲ್ಲ ಸರ್. ಸರಿ. ಆದರೆ ಹಾಗಾದರೆ ಯಾವತ್ತೂ ಏನನ್ನೂ ತೆಗೆಯಲೇಬಾರದಾ? 450ರ ಜೊತೆ 9 ಕೂಡ ತೆಗೆದು ಎರಡೂ ಕಡೆ ಸಮ ಮಾಡಿದರೆ?

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ಅದು ಒಳ್ಳೆಯ ಯೋಚನೆ, ಅದಕ್ಕೆ ಹೆಸರೂ ಇದೆ, ಟ್ರಿಮ್ಡ್ ಮೀನ್ ಅನ್ನುತ್ತಾರೆ. ಎರಡೂ ತುದಿಯಿಂದ ಸಮವಾಗಿ ಕತ್ತರಿಸುತ್ತಾ ಹೋಗಿ ಕೊನೆಗೆ ನಡುವೆ ಒಂದೇ ಉಳಿದರೆ ಅದೇ ಮಧ್ಯಾಂಕ! ಆದರೆ ಎಷ್ಟು ಕತ್ತರಿಸುತ್ತೀರಿ ಅಂತ ಲೆಕ್ಕ ಮಾಡುವ ಮೊದಲೇ ಹೇಳಿರಬೇಕು. ಉತ್ತರ ನೋಡಿಕೊಂಡು ಕತ್ತರಿಸಬಾರದು.

---

ಮೆಣಸು ಬಳ್ಳಿ (ಸಕಲೇಶಪುರ)

ನಾನು ಸಣ್ಣ ಬೆಳೆಗಾರ. ಓದಿದ್ದು ಕಡಿಮೆ, ಆದರೂ ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಮೀಡಿಯನ್ ಒಳ್ಳೆಯದು, ಸರಾಸರಿ ಮೋಸ ಅಂತ ಎಲ್ಲರೂ ಹೇಳುತ್ತಿದ್ದೀರಲ್ಲ, ನನ್ನ ಮನೆಯ ಲೆಕ್ಕ ಹಾಕಿ ನೋಡಿ. ನನಗಿರುವುದು ರೋಬಸ್ಟಾ, ಜೊತೆಗೆ ಮರಗಳಿಗೆ ಹಬ್ಬಿಸಿದ ಮೆಣಸು. ಕಾಫಿ ಕುಯ್ದು ಒಣಗಿಸಿ ಮಾರುವಷ್ಟರಲ್ಲಿ ಮಾರ್ಚ್. ಖರ್ಚೆಲ್ಲ ಕಳೆದು 3 ಲಕ್ಷದ 60 ಸಾವಿರ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಮೆಣಸಿನಿಂದ 60 ಸಾವಿರ. ಉಳಿದ ಹತ್ತು ತಿಂಗಳು ಸೊನ್ನೆ. ಮಳೆಗಾಲದಲ್ಲಂತೂ ಬರೀ ಖರ್ಚು.

ನಿಮ್ಮ ಮೀಡಿಯನ್ ಪ್ರಕಾರ ನನ್ನ ತಿಂಗಳ ಆದಾಯ ಸೊನ್ನೆ. ಬಹುಲಕವೂ ಸೊನ್ನೆ. ಹಾಗಾದರೆ ನಮ್ಮ ಮನೆಯಲ್ಲಿ ಊಟ ಹೇಗೆ ನಡೆಯುತ್ತಿದೆ? 4 ಲಕ್ಷ 20 ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ 35 ಸಾವಿರ, ನಾವು ಬದುಕುತ್ತಿರುವುದು ಅದರ ಮೇಲೆ. ದಯವಿಟ್ಟು ಮಕ್ಕಳಿಗೆ ಸರಾಸರಿ ಬೇಡ ಅಂತ ಹೇಳಿಕೊಡಬೇಡಿ.

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ನೀವು ಕೇಳಿದ್ದು ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲ, ಆದರೆ ಅದಕ್ಕಿಂತ ಮುಖ್ಯವಾದ ಮಾತು. ನಿಮ್ಮ ಲೆಕ್ಕದಲ್ಲಿ ಇರುವುದು ಒಂದೇ ಮನೆ, ಹನ್ನೆರಡು ತಿಂಗಳು. ಮಾರ್ಚ್‌ನ ದುಡ್ಡನ್ನು ನೀವು ಆಗಸ್ಟ್‌ನಲ್ಲಿ ತೆಗೆದು ಅಕ್ಕಿ ತರುತ್ತೀರಿ. ತಿಂಗಳುಗಳು ಒಂದಕ್ಕೊಂದು ಹಂಚಿಕೊಳ್ಳುತ್ತವೆ. ಅದಕ್ಕೇ ಅಲ್ಲಿ ಸರಾಸರಿ ಸರಿ. ಹುಡುಗಿಯ ಲೆಕ್ಕದಲ್ಲಿ ಇರುವುದು ಒಂದೇ ತಿಂಗಳು, 21 ಮನೆ. ಮಾಲೀಕರ 450ರಲ್ಲಿ ಲೈನ್ ಮನೆಯವರು ಹೋಗಿ ಅಕ್ಕಿ ತರುವ ಹಾಗಿಲ್ಲ. ಅಲ್ಲಿ ಹಂಚಿಕೆ ಇಲ್ಲ. 42 ಸಾವಿರ ಅನ್ನುವುದು ಎಲ್ಲರ ದುಡ್ಡನ್ನೂ ಒಂದು ಪೆಟ್ಟಿಗೆಗೆ ಸುರಿದು ಸಮ ಹಂಚಿದ್ದರೆ ಸಿಗುತ್ತಿದ್ದ ಪಾಲು. ಯಾರೂ ಸುರಿದಿಲ್ಲ, ಯಾರೂ ಹಂಚಿಲ್ಲ.

---

ಪಂಚಾಯ್ತಿ ಲೆಕ್ಕ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಊರಿಗೆ ಒಟ್ಟು ಎಷ್ಟು ದುಡ್ಡು ಬರುತ್ತದೆ ಅಂತ ಕೇಳಿದರೆ ಸರಾಸರಿಯೇ ಬೇಕು. 42 ಗುಣಿಸು 21 ಅಂದರೆ 882 ವಾಪಸ್ ಸಿಗುತ್ತದೆ. ಮಧ್ಯಾಂಕವನ್ನು ಗುಣಿಸಿದರೆ 357 ಬರುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ. ಪತ್ರಿಕೆಯಲ್ಲಿ ಬರುವ ಜಿಲ್ಲೆಯ ತಲಾ ಆದಾಯ ಕೂಡ ಸರಾಸರಿಯೇ, ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಅದನ್ನು ಓದಿ "ನಮ್ಮ ಮನೆಗೆ ಇಷ್ಟು ಬರುತ್ತಿಲ್ಲವಲ್ಲ" ಅಂತ ಜನ ಕೇಳುತ್ತಾರೆ. ಬಹಳ ಮನೆಗಳಿಗೆ ಬರುವುದಿಲ್ಲ, ನಿನ್ನ ಪಟ್ಟಿಯಲ್ಲೇ 21ರಲ್ಲಿ 18 ಮನೆಗೆ 42 ಇಲ್ಲ.

ಹೇಮಾವತಿ, ಉತ್ತರದಲ್ಲಿ ಈ 18ರ ಲೆಕ್ಕ ಬರಿ. "ಅತಿ ದೊಡ್ಡ ಬೆಲೆಗಳಿಂದ ಸರಾಸರಿ ಬಾಧಿತವಾಗುತ್ತದೆ" ಅಂತ ಎಲ್ಲರೂ ಬರೆಯುತ್ತಾರೆ. 18 ಮನೆ ಕೆಳಗೆ, 3 ಮನೆ ಮೇಲೆ ಅಂತ ಬರೆದರೆ ನೀನು ಪಟ್ಟಿ ನೋಡಿದ್ದೀಯ ಅಂತ ಗೊತ್ತಾಗುತ್ತದೆ.

---

ಹೇಮಾವತಿ ದಡ (ಹಾಸನ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, 900 ಹಾಕಿ ನೋಡಿದೆ, ನೀವು ಹೇಳಿದ ಹಾಗೇ ಬಂತು. ಈಗ ಎರಡು ಅನುಮಾನ. ಒಂದು, ಸೂತ್ರ ಹಾಕಬಾರದು ಅಂದರೆ ಬಹುಲಕದ ಜಾಗದಲ್ಲಿ ಏನು ಬರೆಯಲಿ? ಎರಡು, ಪ್ರಶ್ನೆಯ (ಬಿ) ಭಾಗ ಹೇಳುವುದು ಮರೆತಿದ್ದೆ. ಅದೇ ಮನೆಗಳನ್ನು ವರ್ಗ ಮಾಡಿ ಕೊಟ್ಟಿದ್ದಾರೆ:

```
0–10     1
10–20    13
20–30    3
30–40    1
40–50    1
50ಕ್ಕೂ ಮೇಲೆ   2
```

ಇದರಿಂದ ಸರಾಸರಿ, ಮಧ್ಯಾಂಕ ಮತ್ತೆ ಕಂಡುಹಿಡಿಯಬೇಕಂತೆ. ಕೊನೆಯ ವರ್ಗವನ್ನು 50–60 ಅಂತ ತೆಗೆದುಕೊಂಡು ಮಧ್ಯಬಿಂದು 55 ಹಾಕಿದೆ. ಸರಾಸರಿ 22.14 ಬಂತು. (ಎ)ಯಲ್ಲಿ 42, ಇಲ್ಲಿ 22. ಮನೆಗಳು ಅವೇ!

---

ಕೋಡ್ ಕಾಫಿ

ಬಹುಲಕದ ವಿಷಯಕ್ಕೆ ನಾನು ಹೇಳುತ್ತೇನೆ, ಪೈಥಾನ್‌ನಲ್ಲಿ ಹಾಕಿ ನೋಡಿದೆ.

```python
from statistics import mean, median, mode, multimode
a = [9,10,11,12,12,12,13,14,15,16,17,
     18,18,18,20,22,25,30,45,95,450]
print(mean(a), median(a))   # 42 17
print(mode(a))              # 12
print(multimode(a))         # [12, 18]
```

`mode` 12 ಅನ್ನುತ್ತದೆ, ಹಾಗಾಗಿ 12 ಉತ್ತರ.

---

ಸರ್ವೆ ಅಕ್ಕ (ಚಿಕ್ಕಮಗಳೂರು)

ಅಲ್ಲಪ್ಪ, ಪಟ್ಟಿಯನ್ನು ಉಲ್ಟಾ ಮಾಡಿ ಅದೇ `mode` ಹಾಕು, 18 ಬರುತ್ತದೆ. ಪೈಥಾನ್ 3.8ರಿಂದ ಈಚೆಗೆ ಅದು ಸಮ ಬಿದ್ದಾಗ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ನೀನು ಏರಿಕೆ ಕ್ರಮದಲ್ಲಿ ಬರೆದಿದ್ದಕ್ಕೆ 12 ಬಂತು. ಅದರ ಕೆಳಗಿನ ಸಾಲೇ ಸರಿಯಾದ ಉತ್ತರ, ಎರಡೂ.

ನಾನು ಮನೆಮನೆ ಸರ್ವೆಗೆ ಹೋಗುವ ಕೆಲಸ ಮಾಡಿದ್ದೇನೆ. ನನ್ನ ಪ್ರಕಾರ ಇಲ್ಲಿ ಎರಡು ಬಹುಲಕ ಬಂದಿರುವುದು ತೊಂದರೆ ಅಲ್ಲ, ಅದೇ ಸುದ್ದಿ. 12ರ ಹತ್ತಿರ ಒಂದು ಗುಂಪು, 18ರ ಹತ್ತಿರ ಇನ್ನೊಂದು. ಇಂಥ ಊರಿನಲ್ಲಿ ತೋಟದ ವಾರದ ಬಟವಾಡೆ ಮೇಲೆ ಬದುಕುವ ಮನೆಗಳು ಒಂದೇ ಸಂಖ್ಯೆಯ ಸುತ್ತ ಇರುತ್ತವೆ, ಯಾಕಂದರೆ ಕೂಲಿ ದರ ಒಂದೇ. ಒಬ್ಬರು ಡ್ರೈವರ್ ಕೆಲಸಕ್ಕೋ ಪೇಟೆ ಅಂಗಡಿಗೋ ಹೋದರೆ ಆ ಮನೆ ಮೇಲಿನ ಗುಂಪಿಗೆ ಹೋಗುತ್ತದೆ. ಮಧ್ಯಾಂಕ 17 ಅಂತ ಒಂದೇ ಸಂಖ್ಯೆ ಬರೆದರೆ ಇದು ಕಾಣುವುದೇ ಇಲ್ಲ. 17 ಇರುವ ಮನೆ ಪಟ್ಟಿಯಲ್ಲಿ ಒಂದೇ ಒಂದು ಇದೆ.

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ಅಕ್ಕ ಹೇಳಿದ ಮೊದಲ ಮಾತು ಪೂರ್ತಿ ಸರಿ. ಎರಡನೆಯದು ನನಗೆ ಅರ್ಧ ಒಪ್ಪಿಗೆ. ಮೂರು ಮೂರು ಮನೆಗಳನ್ನು ಗುಂಪು ಅನ್ನಲು ನನಗೆ ಧೈರ್ಯ ಸಾಲದು. 12 ಅಂದವರಲ್ಲಿ ಒಬ್ಬರು 12 ಸಾವಿರದ 600 ಅಂತ ಸರಿಯಾಗಿ ಹೇಳಿದ್ದರೆ ಅದು 13 ಆಗುತ್ತಿತ್ತು, 12ರ ಬಹುಲಕ ಅಲ್ಲಿಗೆ ಹೋಯಿತು. ಬಿಡಿ ಸಂಖ್ಯೆಗಳ ಬಹುಲಕ ಹೀಗೇ, ಜನ ಎಷ್ಟಕ್ಕೆ ರೌಂಡ್ ಮಾಡಿ ಹೇಳುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ.

ವರ್ಗ ಮಾಡಿದರೂ ತಪ್ಪುವುದಿಲ್ಲ. ಅವರು ಕೊಟ್ಟ ಕೋಷ್ಟಕದಲ್ಲಿ 10–20 ಎಲ್ಲಕ್ಕಿಂತ ಎತ್ತರ, 13 ಮನೆ. ಅಷ್ಟೇ ಅಗಲದ ವರ್ಗವನ್ನು 5ರಿಂದ ಶುರು ಮಾಡು: 5–15ರಲ್ಲಿ 8 ಮನೆ, 15–25ರಲ್ಲಿ 8 ಮನೆ. ಗೆರೆ ಎಳೆದ ಜಾಗ ಬದಲಾಗಿದ್ದಕ್ಕೆ ಒಂದು ಗುಡ್ಡ ಮಾಯ. ಹಾಗಾಗಿ ಹೇಮಾವತಿ, "12 ಮತ್ತು 18 ಎರಡೂ ಮೂರು ಸಲ ಬಂದಿವೆ, ಒಂದೇ ಬಹುಲಕ ಇಲ್ಲ, ಹೆಚ್ಚು ವಾಲಿದ ದತ್ತಾಂಶಕ್ಕೆ 3–2 ಸೂತ್ರ ಅನ್ವಯಿಸುವುದಿಲ್ಲ, ಅದು −33 ಕೊಡುತ್ತದೆ" ಅಂತ ಬರಿ. ಆ −33 ಅಳಿಸಬೇಡ. ಸೂತ್ರ ಯಾಕೆ ಹಾಕಬಾರದು ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು (ಬಿ). 22.14 ಎಲ್ಲಿಂದ ಬಂತು ನೋಡು. 95 ಮತ್ತು 450 ಸೇರಿ 545. ನೀನು ಇಬ್ಬರನ್ನೂ 55, 55 ಮಾಡಿ 110ಕ್ಕೆ ಇಳಿಸಿಬಿಟ್ಟೆ. 435 ಸಾವಿರ ಕೋಷ್ಟಕದಿಂದ ಮಾಯವಾಯಿತು. ಕೊನೆಯ ವರ್ಗಕ್ಕೆ ಮೇಲಿನ ಗಡಿಯೇ ಕೊಟ್ಟಿಲ್ಲ, ಆದ್ದರಿಂದ ಮಧ್ಯಬಿಂದುವೂ ಇಲ್ಲ. ನೀನು ಯಾವ ಗಡಿ ಊಹಿಸುತ್ತೀಯೋ ಸರಾಸರಿ ಅದರ ಹಿಂದೆ ಹೋಗುತ್ತದೆ. ಈಗ ಮಧ್ಯಾಂಕ ಮಾಡು. 21ರ ಅರ್ಧ 10.5. ಅದು ಬೀಳುವುದು 10–20ರಲ್ಲಿ. ಅದರ ಹಿಂದಿನ ಸಂಚಿತ ಆವೃತ್ತಿ 1.

```
ಮಧ್ಯಾಂಕ = 10 + (10.5 − 1) / 13 × 10 = 17.3
```

ಬಿಡಿ ಸಂಖ್ಯೆಗಳಿಂದ 17, ಕೋಷ್ಟಕದಿಂದ 17.3. ಕೊನೆಯ ವರ್ಗದಲ್ಲಿ ಎರಡು ಮನೆ ಇವೆ ಅಂತ ಗೊತ್ತಿದ್ದರೆ ಸಾಕು, ಅವರ ಆದಾಯ ಎಷ್ಟು ಅಂತ ಮಧ್ಯಾಂಕ ಕೇಳುವುದೇ ಇಲ್ಲ. ನಿಮ್ಮ ಮೇಷ್ಟ್ರು (ಬಿ) ಭಾಗ ಇಟ್ಟಿರುವುದೇ ಇದಕ್ಕೆ ಅಂತ ನನಗೆ ಅನ್ನಿಸುತ್ತದೆ.

---

ಸರ್ವೆ ಅಕ್ಕ (ಚಿಕ್ಕಮಗಳೂರು)

ಮೂರು ಮನೆ ಕಡಿಮೆ ಅನ್ನುವುದು ಒಪ್ಪುತ್ತೇನೆ ಮೇಷ್ಟ್ರೇ. ಆದರೆ 200 ಮನೆ ಇದ್ದು ಅಲ್ಲೂ ಎರಡು ಗುಡ್ಡ ಕಂಡರೆ ನಾನು ಮಧ್ಯಾಂಕ ಒಂದನ್ನೇ ಬರೆದು ಸುಮ್ಮನಾಗುವುದಿಲ್ಲ. ಎರಡು ಗುಂಪಿನ ಮಧ್ಯಾಂಕವನ್ನು ಬೇರೆ ಬೇರೆ ಬರೆಯುತ್ತೇನೆ. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಅಂತ ಕಾಣುತ್ತದೆ, ಇರಲಿ.

---

ಮೆಣಸು ಬಳ್ಳಿ (ಸಕಲೇಶಪುರ)

ನನ್ನ ಒಂದು ಅನುಮಾನ ಹಾಗೇ ಉಳಿದಿದೆ. ಆ ಮಾಲೀಕರ 450 ಯಾವ ತಿಂಗಳದ್ದು? ಕಾಫಿ ಮಾರಿದ ತಿಂಗಳು ಕೇಳಿದ್ದರೆ ಅಷ್ಟು ಬರುತ್ತದೆ, ಜುಲೈನಲ್ಲಿ ಕೇಳಿದ್ದರೆ ಅವರ ಮನೆಯೂ ಸೊನ್ನೆ. ಕೂಲಿ, ಗೊಬ್ಬರ, ಔಷಧಿ ಕಳೆದ ಮೇಲಿನ ದುಡ್ಡಾ ಅಥವಾ ಚೀಲ ಮಾರಿದ ಪೂರ್ತಿ ದುಡ್ಡಾ? ನಮ್ಮಲ್ಲಿ ಯಾರಾದರೂ ಬಂದು ಆದಾಯ ಎಷ್ಟು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ 95 ಮನೆಯೂ ನನ್ನಂಥ ಬೆಳೆಗಾರನದೇ ಇರಬಹುದು.

---

ಸರ್ವೆ ಅಕ್ಕ (ಚಿಕ್ಕಮಗಳೂರು)

ಇದು ನಿಜ. ನಾವು ಬೆಳೆಗಾರರ ಮನೆಯಲ್ಲಿ ತಿಂಗಳ ಆದಾಯ ಅಂತ ಕೇಳುತ್ತಲೇ ಇರಲಿಲ್ಲ. ವರ್ಷದ್ದು ಕೇಳಿ, ಖರ್ಚು ಬೇರೆ ಸಾಲಿನಲ್ಲಿ ಬರೆದು, ಕಳೆದು, ಆಮೇಲೆ ಹನ್ನೆರಡರಿಂದ ಭಾಗಿಸುತ್ತಿದ್ದೆವು.

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

450 ಇದ್ದದ್ದು 100ಕ್ಕೆ ಇಳಿದರೂ ಮಧ್ಯಾಂಕ ಅಲುಗಾಡುವುದಿಲ್ಲ, ಅದು ಒಂದು ಅನುಕೂಲ. ಆದರೆ ಜುಲೈನಲ್ಲಿ ಕೇಳಿ ಆ ಎರಡು ಮನೆಗೂ ಸೊನ್ನೆ ಬರೆದುಕೊಂಡಿದ್ದರೆ ಅವು ಪಟ್ಟಿಯ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಬರುತ್ತವೆ. ಆಗ 11ನೇ ಮನೆ 15ರದ್ದು. ಅಲ್ಲಿಗೆ ಮಧ್ಯಾಂಕವೂ ಎರಡು ಸಾವಿರ ಕೆಳಗೆ ಬಂತು.

---

ಹೇಮಾವತಿ ದಡ (ಹಾಸನ)

ಎಣಿಸಿದೆ, ಹೌದು, 15 ಬರುತ್ತದೆ.

ಈಗ ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಸಾಮಾನ್ಯ ಮನೆಗೆ ಮಧ್ಯಾಂಕ ಸೂಕ್ತ, 17 ಸಾವಿರ. 42 ಸಾವಿರ ಸರಾಸರಿ ಮುಟ್ಟಿದ್ದು 3 ಮನೆ ಮಾತ್ರ, 18 ಮನೆ ಕೆಳಗಿವೆ. ಊರಿನ ಒಟ್ಟು ಆದಾಯ ಬೇಕಿದ್ದರೆ ಮಾತ್ರ ಸರಾಸರಿ. ಒಂದೇ ಬಹುಲಕ ಇಲ್ಲ, 12 ಮತ್ತು 18. ಸೂತ್ರದಿಂದ −33 ಬಂತು, ದತ್ತಾಂಶ ತೀರಾ ಬಲಕ್ಕೆ ವಾಲಿರುವುದರಿಂದ ಅದನ್ನು ಬಳಸಿಲ್ಲ. (ಬಿ)ಯಲ್ಲಿ ಕೊನೆಯ ವರ್ಗ ತೆರೆದಿರುವುದರಿಂದ ಸರಾಸರಿ ಲೆಕ್ಕ ಹಾಕಲು ಆಗುವುದಿಲ್ಲ, ಮಧ್ಯಾಂಕ 17.3."

450 ವರ್ಷದ ಲೆಕ್ಕವಾ ತಿಂಗಳ ಲೆಕ್ಕವಾ ಅಂತ ಶನಿವಾರ ಕ್ಲಾಸ್‌ನಲ್ಲಿ ಮೇಡಂ ಹತ್ತಿರ ಕೇಳುತ್ತೇನೆ.

---

ಆಲ್ದೂರು ಹುಡುಗ

(ಬಿ)ಗೆ ಸರಾಸರಿ ಆಗುವುದಿಲ್ಲ ಅಂತ ಬರೆದರೆ ಮಾರ್ಕ್ಸ್ ಕೊಡುತ್ತಾರಾ? ನಮ್ಮ ಕಡೆ ಪಕ್ಕದ ವರ್ಗದ ಅಗಲವನ್ನೇ ಕೊನೆಯದಕ್ಕೂ ಹಾಕಿ ಮಾಡಿ ಅಂತಾರೆ. 22.14 ಬರೆದು, ಪಕ್ಕದಲ್ಲಿ ಊಹೆ ಅಂತ ಹಾಕೋದು ಒಳ್ಳೇದೇನೋ.

---

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ಹಾಗೂ ಮಾಡಬಹುದು. ಆದರೆ ಊಹೆ ಅಂತ ಬರೆದ ಕೆಳಗೇ (ಎ)ಯ 42 ಕೂಡ ಬರಿ ಹೇಮಾವತಿ, ಊಹೆ ಎಷ್ಟು ತಪ್ಪಿದೆ ಅಂತ ತೋರಿಸಲು ನಿನ್ನ ಹತ್ತಿರ ನಿಜವಾದ ಸಂಖ್ಯೆ ಇದೆ. ಮೇಡಂ 450ರ ಬಗ್ಗೆ ಏನು ಹೇಳಿದರು ಅಂತ ಇಲ್ಲಿ ತಿಳಿಸು, ನಾನೂ ಕಾಯುತ್ತಿರುತ್ತೇನೆ.